ಹೋಗುವವರಿಗೆ ಆರು ಸಾಲು

ನನ್ನ ಬಳಿ ಮೂರು ನೋಟುಪುಸ್ತಕಗಳಿದ್ದವು. ಮೂರೂ ಒಂದೇ ಅಳತೆಯವು, ಅಂಗಿಯ ಜೇಬಿಗೆ ಸರಿಯಾಗಿ ಕೂರುವಂಥವು. ಬಲಪುಟದಲ್ಲಿ ಕಂಡದ್ದನ್ನು ಅಲ್ಲೇ ನಿಂತು ಪೆನ್ನಿನಲ್ಲಿ ಬರೆಯುವುದು, ಎಡಪುಟವನ್ನು ಖಾಲಿ ಬಿಟ್ಟು ಮನೆಗೆ ಬಂದ ಮೇಲೆ ಅನ್ನಿಸಿದ್ದನ್ನು ಪೆನ್ಸಿಲಿನಲ್ಲಿ ತುಂಬುವುದು ನನ್ನ ಪದ್ಧತಿ. ಐದು ವರ್ಷ ತಿರುಗಿದ ಮೇಲೆ ಒಂದು ದಿನ ಕೂತು ನೋಡಿದರೆ, ಬಲಪುಟಗಳು ಅಂಚಿನವರೆಗೆ ತುಂಬಿದ್ದವು. ಎಡಪುಟಗಳು ಹೆಚ್ಚುಕಡಿಮೆ ಅಂಗಡಿಯಿಂದ ತಂದಾಗ ಇದ್ದಂತೆಯೇ ಇದ್ದವು. ಒಂದರಲ್ಲಿ ಮಾತ್ರ ‘ಬಿಸಿಲು ಜಾಸ್ತಿ’ ಎಂದು ಬರೆದಿದ್ದೆ.

ಅದಕ್ಕೆ ಕಾರಣ ಕಸುಬು. ತೊಂಬತ್ತರ ದಶಕದಲ್ಲಿ ನಾನು ಕೊಟ್ಟೂರಿನಲ್ಲಿದ್ದುಕೊಂಡು ಒಂದು ಜಿಲ್ಲಾ ಪತ್ರಿಕೆಗೆ ವರದಿ ಕಳಿಸುತ್ತಿದ್ದೆ. ಕೂಡ್ಲಿಗಿಯ ಕೋರ್ಟು, ಹಗರಿಬೊಮ್ಮನಹಳ್ಳಿಯ ಮಾರುಕಟ್ಟೆ, ಹಡಗಲಿಯ ಮಲ್ಲಿಗೆ ದರ, ಹರಪನಹಳ್ಳಿಯ ತಾಲ್ಲೂಕು ಕಚೇರಿ, ಎಲ್ಲವೂ ನನ್ನ ಪಾಲಿಗೇ ಬರುತ್ತಿದ್ದವು. ವರದಿಯಲ್ಲಿ ‘ಸುಂದರ’ ಎಂದು ಬರೆದರೆ ಡೆಸ್ಕಿನವರು ಅದನ್ನು ಹೊಡೆದು, ‘ಎಷ್ಟು ಅಡಿ?’ ಎಂದು ಅಂಚಿನಲ್ಲಿ ಕೇಳುತ್ತಿದ್ದರು. ನಾಲ್ಕೈದು ಸಲ ಹಾಗಾದ ಮೇಲೆ ಸುಂದರವಾದದ್ದನ್ನು ಕಂಡ ಕೂಡಲೇ ಹೆಜ್ಜೆ ಹಾಕಿ ಅಳೆಯುವುದು ನನಗೆ ರೂಢಿಯಾಯಿತು.

ಸುದ್ದಿ ಮುಗಿಸಿ ಮುಂದಿನ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಅಕ್ಕಪಕ್ಕದ ಗುಡಿ, ಕೆರೆ, ಕೋಟೆ ನೋಡಿಕೊಂಡು ಬರುತ್ತಿದ್ದೆ. ಜೊತೆಗೆ ಸ್ಟುಡಿಯೋದ ಗೆಳೆಯ. ಕೊಟ್ಟೂರಿನ ಬಸ್ ನಿಲ್ದಾಣದ ಎದುರಿಗೆ ಅವನದು ಒಂದು ಕೋಣೆಯ ಸ್ಟುಡಿಯೋ. ವ್ಯಾಪಾರವಿಲ್ಲದ ದಿನ ಕ್ಯಾಮೆರಾ ಹೆಗಲಿಗೇರಿಸಿ ನನ್ನೊಂದಿಗೆ ಹೊರಡುತ್ತಿದ್ದ. ಹೀಗೆ ನೋಡಿದ ಊರುಗಳನ್ನೆಲ್ಲ ಸೇರಿಸಿ ಒಂದು ಪ್ರವಾಸದ ಪುಸ್ತಕ ಮಾಡೋಣ ಎಂದವರು ಹಗರಿಬೊಮ್ಮನಹಳ್ಳಿಯ ಪ್ರೆಸ್ಸಿನ ಯಜಮಾನರು. ಮದುವೆ ಪತ್ರಿಕೆ, ಬಿಲ್ ಪುಸ್ತಕ ಅಚ್ಚು ಮಾಡಿ ಅವರಿಗೆ ಬೇಸರ ಬಂದಿತ್ತು. ಹೊಸದಾಗಿ ಕಂಪ್ಯೂಟರ್ ಬೇರೆ ತರಿಸಿದ್ದರು.

ಮೊದಲ ಕರಡು ಬರೆಯಲು ನನಗೆ ಎರಡು ತಿಂಗಳು ಹಿಡಿಯಿತು. ಓದಲು ಗೆಳೆಯನಿಗೆ ಕೊಟ್ಟೆ. ಮರುದಿನ ಸ್ಟುಡಿಯೋಕ್ಕೆ ಹೋದಾಗ ಅವನು ಒಬ್ಬರ ಪಾಸ್‌ಪೋರ್ಟ್ ಅಳತೆಯ ಚಿತ್ರ ಕತ್ತರಿಸುತ್ತ ಕೂತಿದ್ದ.

“ಓದಿದಿ ಏನಲೇ?”

“ಓದೀನಿ.”

“ಹೆಂಗೈತಿ?”

“ಪಂಚನಾಮಿ ಇದ್ದಂಗ ಐತಿ. ಗುಡಿ ಪೂರ್ವಕ್ಕ ಮುಖ ಮಾಡೈತಿ, ಕಂಬ ಇಷ್ಟು, ಬಾಗಲ ಎತ್ತರ ಇಷ್ಟು. ಕಡೀಗಿ ಸಾಕ್ಷಿದಾರರ ಸಹಿ ಒಂದು ಇಲ್ಲ ನೋಡು.”

ನಾನು ಸ್ವಲ್ಪ ಬಿಗಿದುಕೊಂಡು, ಇದರಲ್ಲಿರುವ ಒಂದು ಮಾತೂ ಸುಳ್ಳಲ್ಲ ಎಂದೆ.

“ಸುಳ್ಳು ಅಂತ ಯಾವನಂದ? ಉಚ್ಚಂಗಿದುರ್ಗದ ಮೆಟ್ಟಿಲ ಮ್ಯಾಲೆ ಆ ಕಟಗಿ ಹೊರಿ ಹೊತ್ತ ಮುದುಕಿ ನಿನಗೇನಂದ್ಳು, ನೆಪ್ಪೈತಿ?”

ನನಗೆ ನೆನಪಿರಲಿಲ್ಲ. ಅವನು ಒಳಗಿನಿಂದ ಒಂದು ಹಾಳೆ ತಂದ. ತೊಳೆದ ರೀಲನ್ನು ತುಂಡು ಮಾಡಿ, ಸಾಲಾಗಿ ಜೋಡಿಸಿ, ಒಂದೇ ಹಾಳೆಯ ಮೇಲೆ ಅಂಚೆಚೀಟಿಯಷ್ಟು ದೊಡ್ಡ ಚಿತ್ರಗಳಾಗಿ ಮುದ್ರಿಸಿಡುವುದು ಅವನ ಕ್ರಮ. ಭೂತಗನ್ನಡಿ ಹಿಡಿದು ನೋಡಿದೆ. ಮೆಟ್ಟಿಲಿನ ಮೇಲೆ ನಾನು ಬೆರಳು ಚಾಚಿ ಎಣಿಸುತ್ತಿದ್ದೇನೆ. ಪಕ್ಕದಲ್ಲಿ ಹೊರೆ ಹೊತ್ತ ಮುದುಕಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಆಗ ಅವಳ ಮಾತು ನೆನಪಿಗೆ ಬಂತು. “ಎಣಸಿದ್ರ ಕಡಿಮಿ ಆಗ್ತಾವೇನಪ್ಪ?” ಎಂದಿದ್ದಳು.

ಬಲಪುಟದಲ್ಲಿ ಮೆಟ್ಟಿಲುಗಳ ಸಂಖ್ಯೆ ಇತ್ತು. ಮುದುಕಿ ಇರಲಿಲ್ಲ.

ಅಂದಿನಿಂದ ಕೆಲಸದ ರೀತಿ ಬದಲಾಯಿತು. ಸ್ಟುಡಿಯೋದ ನೆಲದ ಮೇಲೆ ಹಾಳೆಗಳನ್ನು ಹರಡಿಕೊಂಡು, ನೋಟುಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಚಿತ್ರಕ್ಕೂ ಅದರ ದಿನವನ್ನು ಹೊಂದಿಸತೊಡಗಿದೆವು. ಹೊಂದಿಸುವುದು ಅಷ್ಟು ಸುಲಭವಲ್ಲ. ಗೆಳೆಯ ರೀಲನ್ನು ಎಂದೂ ಅರ್ಧಕ್ಕೆ ತೆಗೆಯುತ್ತಿರಲಿಲ್ಲ. ಗುಡೇಕೋಟೆಯಲ್ಲಿ ಇಪ್ಪತ್ತು ಚಿತ್ರ ತೆಗೆದರೆ, ಉಳಿದದ್ದರಲ್ಲಿ ಸ್ಟುಡಿಯೋಕ್ಕೆ ಬಂದವರ ಮುಖಗಳು, ಆಮೇಲೆ ಮತ್ತೆ ಬಾಗಳಿಯ ಕಂಬಗಳು. ಎರಡು ಗುಡಿಗಳ ನಡುವೆ ಮೂವರು ಗೃಹಸ್ಥರು ಸಾಲದ ಅರ್ಜಿಗೆಂದು ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಆದರೆ ಅವರೇ ನಮಗೆ ಗುರುತಿನ ಕಲ್ಲುಗಳಾದರು. ಯಾರು ಯಾವಾಗ ಬಂದಿದ್ದರು ಎಂಬುದು ಸ್ಟುಡಿಯೋದ ರಿಜಿಸ್ಟರಿನಲ್ಲಿತ್ತು.

ಚಿತ್ರ ನೋಡುತ್ತ ನೋಡುತ್ತ ಎಡಪುಟಗಳು ತುಂಬಿದವು. ತಡವಾಗಿ ಬರೆದದ್ದಾದ್ದರಿಂದ ನಾನು ಒಂದು ನಿಯಮ ಇಟ್ಟುಕೊಂಡೆ. ಚಿತ್ರದಲ್ಲಿ ಕಾಣಬೇಕು, ಇಲ್ಲವೇ ಇಬ್ಬರಿಗೂ ನೆನಪಿರಬೇಕು. ಒಬ್ಬನಿಗೇ ನೆನಪಿದ್ದರೆ ಬಿಟ್ಟುಬಿಡುವುದು. ಹೊಳಲಿನಲ್ಲಿ ಮಲಗಿದ ದೇವರ ಮುಂದೆ ಇಬ್ಬರೂ ಅರ್ಧ ಗಂಟೆ ಮಾತಿಲ್ಲದೆ ಕೂತಿದ್ದೆವು ಎಂದು ನಾನೆಂದೆ. ಮಾತಿಲ್ಲದೆ ಕೂತದ್ದು ಖರೆ, ಆದರೆ ಬಸ್ಸು ತಪ್ಪಿದ್ದಕ್ಕೆ ಜಗಳವಾಡಿ ಕೂತದ್ದು ಎಂದು ಅವನೆಂದ. ಕೊನೆಗೆ ಎರಡನ್ನೂ ಬರೆದೆವು.

ಸತ್ಯಾಂಶಗಳಲ್ಲೂ ಕೆಲವು ನಮ್ಮ ಕೈಯಲ್ಲಿರಲಿಲ್ಲ. ನನ್ನ ಮೊದಲ ನೋಟುಪುಸ್ತಕದಲ್ಲಿ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಪುಸ್ತಕ ಬರೆಯುವ ಹೊತ್ತಿಗೆ ಅದು ದಾವಣಗೆರೆ ಜಿಲ್ಲೆಗೆ ಸೇರಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ರೈಲು ನಿಲ್ದಾಣವಿದೆ ಎಂಬುದು ಸತ್ಯ. ನಾವು ಹತ್ತಬಹುದಾದ ರೈಲು ಆ ವರ್ಷಗಳಲ್ಲಿ ಇರಲಿಲ್ಲ ಎಂಬುದೂ ಸತ್ಯ. ಮೊದಲನೆಯದನ್ನಷ್ಟೇ ಬರೆದರೆ ಯಾರಾದರೂ ಪ್ಲಾಟ್‌ಫಾರಂ ಮೇಲೆ ಕಾಯುತ್ತ ಕೂರುತ್ತಿದ್ದರು.

ಯಜಮಾನರಿಗೆ ಮುದುಕಿಯೂ ಬೇಕಾಗಿರಲಿಲ್ಲ, ಕಂಬವೂ ಬೇಕಾಗಿರಲಿಲ್ಲ. “ನೋಡ್ರಿ, ಪುಸ್ತಕ ಕೈಯಾಗ ಹಿಡಕೊಂಡಾವ ನಾಳೆ ಮುಂಜಾನೆ ಬಸ್ಸು ಹತ್ತಬೇಕು,” ಎಂದರು. “ಎಲ್ಲಿ ಇಳೀಬೇಕು, ನೀರು ಎಲ್ಲಿ ಐತಿ, ಗುಡಿ ಬಾಗಲಾ ಯಾರು ತಗೀತಾರ, ಅದನ್ನ ಹೇಳ್ರಿ. ಉಳಿದದ್ದು ನೀವು ಏನರ ಬರಕೋರ್ರಿ.”

ಹಾಗಾಗಿ ಪ್ರತಿ ಅಧ್ಯಾಯದ ಕೊನೆಗೆ ಗೆರೆ ಹೊಡೆದ ಒಂದು ಚೌಕ ಇಟ್ಟೆವು. ತಲೆಬರಹ ‘ಹೋಗುವವರಿಗೆ’. ಒಳಗೆ ಆರೇ ಸಾಲು. ಆರಕ್ಕಿಂತ ಹೆಚ್ಚಾದರೆ ಯಾರೂ ಓದುವುದಿಲ್ಲ ಎಂಬುದು ಯಜಮಾನರ ಲೆಕ್ಕ. ಬಾಗಿಲ ವಿಷಯ ಅವರು ಹೇಳಿದ್ದು ಸರಿಯೇ ಇತ್ತು. ನಮ್ಮ ಕಡೆಯ ಹಳೆಯ ಗುಡಿಗಳಿಗೆ ಪೂಜೆಯ ಹೊತ್ತು ಬಿಟ್ಟರೆ ಬೀಗ ಬಿದ್ದಿರುತ್ತದೆ. ದೂರದಿಂದ ಬಂದವನು ಕಿಂಡಿಯಲ್ಲಿ ಕಣ್ಣಿಟ್ಟು ಕತ್ತಲೆ ನೋಡಿಕೊಂಡು ಹೋಗಬೇಕಾಗುತ್ತದೆ. ಕೀಲಿಕೈ ಯಾರ ಮನೆಯಲ್ಲಿದೆ ಎಂದು ತಿಳಿದರೆ ಅರ್ಧ ಪ್ರವಾಸ ಮುಗಿದಂತೆ.

ಪುಸ್ತಕ ಬರುವ ಮೊದಲು ಒಂದು ಅಧ್ಯಾಯ ನಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬರಲಿ, ಪ್ರಚಾರವಾಗುತ್ತದೆ ಎಂದು ನಾನೇ ಹೇಳಿದೆ. ಹಡಗಲಿ ತಾಲ್ಲೂಕಿನ ಒಂದು ಹಳ್ಳಿಯ ಅಧ್ಯಾಯ ಆರಿಸಿದೆ. ಊರಿನ ಹೆಸರು ಇಲ್ಲಿ ಬೇಡ. ಹಿರೇಹಡಗಲಿಯಿಂದ ಬಹಳ ದೂರವಿಲ್ಲ ಎಂದರೆ ಸಾಕು.

ಆ ಊರಿಗೆ ನಾವು ಹೋಗಿದ್ದಾಗ ಗುಡಿಗೆ ಬೀಗ ಹಾಕಿತ್ತು. ಕಟ್ಟೆಯ ಮೇಲೆ ಕೂತಿದ್ದವರನ್ನು ಕೇಳಿದೆ. ಎಡಕ್ಕೆ ಮೂರನೆಯ ಮನೆ, ನೀಲಿ ಬಾಗಿಲು ಎಂದರು. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕೀಲಿಕೈ ಹಿಡಿದು ಹೊರಗೆ ಬಂದರು. ಮೊಳದುದ್ದದ ಕಬ್ಬಿಣದ ಕೀಲಿಕೈ. ಬಾಗಿಲು ತೆಗೆದು ದೀಪ ಹಚ್ಚಿ, ಶಾಸನದ ಕಲ್ಲಿನ ಮುಂದಿದ್ದ ಎಣ್ಣೆ ಡಬ್ಬಿ ಸರಿಸಿಕೊಟ್ಟರು. ಹೊರಡುವಾಗ, “ಬಿಸಿಲಾಗ ಬಂದೀರಿ, ಎರಡು ರೊಟ್ಟಿ ತಿಂದು ಹೋಗ್ರಿ,” ಎಂದರು. ರೊಟ್ಟಿ, ಕೆಂಪು ಚಟ್ನಿ, ಮೊಸರು. ಕೀಲಿಕೈ ಹಿಡಿದು ಅವರು ಹೊಸ್ತಿಲಲ್ಲಿ ನಿಂತದ್ದನ್ನು ಗೆಳೆಯ ತೆಗೆದ. ಇಡೀ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರ ಇರಲಿಲ್ಲ.

ಪುರವಣಿಯಲ್ಲಿ ಆ ಚಿತ್ರದೊಂದಿಗೆ ಬಂದ ಚೌಕ ಹೀಗಿತ್ತು:

ಹಡಗಲಿಯಿಂದ ಬಸ್ಸು: ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು.
ಮರಳಲು ಕೊನೆಯ ಬಸ್ಸು: ಸಂಜೆ ಐದೂವರೆ.
ನೀರು: ಗುಡಿಯ ಹಿಂದಿನ ಬೋರಿನಲ್ಲಿ.
ಕೀಲಿಕೈ: ಗುಡಿಯಿಂದ ಎಡಕ್ಕೆ ಮೂರನೆಯ ಮನೆ, ನೀಲಿ ಬಾಗಿಲು.
ಊಟ: ಅದೇ ಮನೆಯಲ್ಲಿ ರೊಟ್ಟಿ ಸಿಗುತ್ತದೆ.
ಶಾಸನದ ಅಕ್ಷರ ಕಾಣಲು ಬೆಳಗಿನ ಓರೆ ಬಿಸಿಲು ಒಳ್ಳೆಯದು.

ಆರು ಸಾಲು. ಒಂದೂ ಸುಳ್ಳಲ್ಲ.

ಮೂರು ವಾರ ಕಳೆದ ಮೇಲೆ ಹಡಗಲಿ ಬಸ್ಸಿನ ಕಂಡಕ್ಟರ್ ಕೊಟ್ಟೂರು ನಿಲ್ದಾಣದಲ್ಲಿ ನನ್ನನ್ನು ಕಂಡು ಕೂಗಿ ನಿಲ್ಲಿಸಿದ. “ನೀಲಿ ಬಾಗಿಲ ಅವ್ವ ನಿಮ್ಮನ್ನ ಬರಾಕ ಹೇಳ್ಯಾಳ್ರಿ. ಲಗೂನ ಬರಬೇಕಂತ.”

“ಯಾಕಂತ?”

“ಅದು ಹೇಳಿಲ್ರಿ. ಮಾರಿ ನೋಡಿದ್ರ, ರೊಟ್ಟಿ ಕೊಡಾಕ ಅಲ್ಲ ಅನಸ್ತೈತಿ.”

ಗೆಳೆಯನನ್ನು ಕರೆದುಕೊಂಡು ಮರುದಿನವೇ ಹೋದೆ. ಆ ಊರಿನ ಹಾಳೆಯನ್ನೂ ಭೂತಗನ್ನಡಿಯನ್ನೂ ಅವನು ಚೀಲದಲ್ಲಿ ಇಟ್ಟುಕೊಂಡಿದ್ದ. ಬಸ್ಸಿನಲ್ಲಿ ಊಹಿಸುತ್ತ ಹೋದೆವು. ಊಟ ಸಿಗುತ್ತದೆ ಎಂದು ಬರೆದು ಆಕೆಯ ಮನೆಯನ್ನು ಖಾನಾವಳಿ ಮಾಡಿದ್ದೀಯ, ಅದಕ್ಕೇ ಬೈಸಿಕೊಳ್ಳುತ್ತೀಯ ಎಂದು ಅವನು. ನನಗೂ ಹಾಗೇ ಅನ್ನಿಸಿತ್ತು.

ಮನೆಯ ಮುಂದೆ ನಮ್ಮನ್ನು ಕಂಡು ಆಕೆ ಚಾಪೆ ಹಾಸಿದರು, ನೀರು ಕೊಟ್ಟರು. ಬೈಗುಳ ಬರಲಿಲ್ಲ. ನಾನೇ ಮೊದಲು, “ಊಟಕ್ಕ ಭಾಳ ಮಂದಿ ಬಂದ್ರೇನ್ರಿ ಅವ್ವಾರ?” ಎಂದೆ.

“ಬಂದಿದ್ರಪ್ಪ. ಒಂದು ದಿನ ಹನ್ನೊಂದು ಮಂದಿ ಬಂದ್ರು. ಒಬ್ಬಾವ ಚಟ್ನಿ ಖಾರ ಆತು ಅಂದ. ರೊಟ್ಟಿದೇನೈತಿ, ತಟ್ಟಿದ್ರಾತು. ರೊಟ್ಟಿಗಿ ನಾ ನಿಮ್ಮನ್ನ ಕರಿಸಿಲ್ಲ.”

“ಮತ್ತ?”

“ಕೀಲಿಕೈ ನಮ್ಮ ಮನಿಯಾಗ ಇರತೈತಿ ಅಂತ ಬರದೀರಿ.”

“ಹೌದಲ್ರಿ. ನೀವ ಅಲ್ಲೇನು ಬಾಗಲಾ ತಗದವ್ರು.”

“ಅವತ್ತು ನಂದು ಪಾಳಿ ಇತ್ತು. ಈಗ ಇಲ್ಲ.”

ವಿಷಯ ಆಮೇಲೆ ತಿಳಿಯಿತು. ಆ ಗುಡಿಯ ಪೂಜೆ ಒಂದೇ ಮನೆತನದ ನಾಲ್ಕು ಮನೆಗಳದು. ಕೀಲಿಕೈ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಮನೆಯಿಂದ ಮನೆಗೆ ತಿರುಗುತ್ತದೆ. ಯುಗಾದಿಯಿಂದ ಎಣಿಕೆ. ಒಂದೊಂದು ಮನೆಗೆ ವರ್ಷಕ್ಕೆ ಮೂರು ತಿಂಗಳು. ಪಾಳಿಯ ಕ್ರಮದಲ್ಲಿ ಈಕೆಯದು ಎರಡನೆಯ ಮನೆ. ಗಂಡ ತೀರಿಕೊಂಡ ಮೇಲೆ ಆ ಮನೆಯ ಪಾಳಿ ಹೆಂಡತಿಗೇ ಇರಲಿ, ಪೂಜೆಯ ಹೊತ್ತಿಗೆ ಆಕೆಯ ತಮ್ಮ ಬಂದು ನಿಲ್ಲಲಿ ಎಂದು ಹಿರಿಯರು ಹೇಳಿದ್ದರು. ಬಾಯಿಮಾತಿನಲ್ಲಿ ಹೇಳಿದ್ದು. ಈಗ ನಡೆಯುತ್ತಿದ್ದದ್ದು ಮಾರ್ಗಶಿರ, ಅದು ಮೊದಲನೆಯ ಮನೆಯ ತಿಂಗಳು. ಆ ಮನೆಯ ಯಜಮಾನ ಈಕೆಗೆ ವರಸೆಯಲ್ಲಿ ಮೈದುನ. ಓದುಗರು ಬಂದು ಅವನ ಮನೆ ದಾಟಿ ನೀಲಿ ಬಾಗಿಲು ತಟ್ಟುತ್ತಿದ್ದರು. ಈಕೆ ಮೈದುನನ ಮನೆಗೆ ಹೋಗಿ ಕೀಲಿಕೈ ಕೇಳಿ ತರಬೇಕಾಗುತ್ತಿತ್ತು. ಅವನು ಎರಡು ಸಲ ಕೊಟ್ಟ. ಮೂರನೆಯ ಸಲ ಪುರವಣಿಯನ್ನೇ ಮುಂದೆ ಹಿಡಿದ.

“ಮೂರು ತಿಂಗಳು ಸಾಲಲಿಲ್ಲ, ಹನ್ನೆರಡೂ ತನ್ನದು ಅಂತ ಪೇಪರಿನಾಗ ಬರಸ್ಯಾಳ, ಇನ್ನ ಒಂದೂ ಇಲ್ಲ ಅಂತಾನಪ್ಪ,” ಎಂದರು. “ಬರೋ ಅಮಾಸಿಗಿ ಕೀಲಿಕೈ ನಮ್ಮ ಮನಿಗಿ ಬರಬೇಕು. ಕೊಡೂದಿಲ್ಲ ಅಂತ ಕುಂತಾನ. ಒಮ್ಮಿ ತಪ್ಪಿತು ಅಂದ್ರ ಮುಗೀತು. ಮತ್ತ ಕೇಳಾಕ ನನ್ನ ಕಡೆ ಏನು ಕಾಗದ ಐತಿ?”

ಆಕೆ ದನಿ ಏರಿಸಲಿಲ್ಲ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂಬ ಐದು ಪ್ರಶ್ನೆ ಕೇಳಿ ಬರೆಯುವುದು ನನ್ನ ಅನ್ನದ ದಾರಿ. ಕೀಲಿಕೈ ಎಲ್ಲಿದೆ ಎಂದು ಕೇಳಿದ್ದೆ. ಎಲ್ಲಿಯವರೆಗೆ ಇರುತ್ತದೆ ಎಂದು ಕೇಳಿರಲಿಲ್ಲ. ಒಂದು ದಿನ ಕಂಡದ್ದನ್ನು ವರ್ಷಕ್ಕೆಲ್ಲ ಸತ್ಯವೆಂದು ಗೆರೆ ಹೊಡೆದು ಚೌಕದೊಳಗೆ ಇಟ್ಟಿದ್ದೆ.

“ಪುಸ್ತಕ ಇನ್ನೂ ಅಚ್ಚಾಗಿಲ್ರಿ ಅವ್ವಾರ. ನಿಮ್ಮ ಮನಿ ವಿಷಯಾನ ತಗದುಬಿಡ್ತೀನಿ,” ಎಂದೆ.

ಆಕೆ ಬೇಡವೆಂದು ಕೈ ಆಡಿಸಿದರು. “ತಗದ್ರ ನಾ ಇಲ್ಲದಂಗ ಆಗತೈತಿ. ತಗೀಬ್ಯಾಡ್ರಿ. ಸರಿ ಮಾಡ್ರಿ.”

ಮೈದುನ ಕಟ್ಟೆಯ ಮೇಲಿದ್ದ. ನನ್ನನ್ನು ಕಂಡು ಎದ್ದು ನಿಂತು, ಪಕ್ಕದಲ್ಲಿದ್ದವರಿಗೆ ಕೇಳುವಂತೆ, “ಪೇಪರ್‌ನೋರು ಬಂದ್ರು. ಬರ್ರಿ, ಕುಂದರ್ರಿ. ಕೀಲಿಕೈ ಬೇಕಾಗಿತ್ತೇನ್ರಿ? ನೀಲಿ ಬಾಗಲದಾಗ ಕೇಳ್ರಿ,” ಎಂದ.

ತಪ್ಪು ನನ್ನದು, ಆಕೆ ಬರೆಸಿದ್ದಲ್ಲ ಎಂದೆ. ಒಪ್ಪಲಿಲ್ಲ. “ಆಕಿ ಕೀಲಿಕೈ ಹಿಡಕೊಂಡು ಫೋಟೋಕ್ಕ ನಿಂತಾಳಲ್ರಿ. ಆ ತಿಂಗಳು ಪಾಳಿ ನಮ್ದು. ಶ್ರಾವಣ. ನಮ್ಮ ಮನ್ಯಾಗ ಯಾರೂ ಇಲ್ಲದಾಗ ಒಯ್ದು ನಿಂತಾಳ.”

ನಾನು ನೋಟುಪುಸ್ತಕ ತೆರೆದೆ. ಬಲಪುಟದಲ್ಲಿ ಇಂಗ್ಲಿಷ್ ತಾರೀಖು ಇತ್ತು, ತಿಥಿ ಇರಲಿಲ್ಲ. ಶ್ರಾವಣ ಮುಗಿದು ಭಾದ್ರಪದ ಹುಟ್ಟುವ ಆಜುಬಾಜಿನ ತಾರೀಖು ಅದು. ಆ ವರ್ಷದ ಪಂಚಾಂಗ ಕಟ್ಟೆಯ ಮೇಲೆ ಯಾರ ಬಳಿಯೂ ಇರಲಿಲ್ಲ. ಕಂಬದ ಉದ್ದ ಬರೆದುಕೊಂಡಿದ್ದೆ, ಗರ್ಭಗುಡಿಯ ಅಗಲ ಬರೆದುಕೊಂಡಿದ್ದೆ. ಇವು ಯಾವ ಕೆಲಸಕ್ಕೂ ಬರಲಿಲ್ಲ.

ಗೆಳೆಯ ಚೀಲದಿಂದ ಹಾಳೆ ತೆಗೆದು ಭೂತಗನ್ನಡಿಯೊಂದಿಗೆ ಮೈದುನನ ಕೈಗೆ ಕೊಟ್ಟ. “ನೋಡ್ರಿ ಯಜಮಾನ್ರ. ಅವ್ವಾರನ್ನ ಬಿಡ್ರಿ, ಅವರ ಹಿಂದ ನೋಡ್ರಿ. ಓಣಿ ತುದೀಗಿ ಚಪ್ಪರ ಕಾಣತೈತಿ?”

ಮೈದುನ ಒಂದು ಕಣ್ಣು ಮುಚ್ಚಿ ನೋಡಿದ. ಗಾಜನ್ನು ಹತ್ತಿರ ತಂದ, ದೂರ ಒಯ್ದ. ಪಕ್ಕದ ಮುದುಕರೊಬ್ಬರಿಗೆ ತಡೆಯಲಾಗಲಿಲ್ಲ. “ಏನು ಕಾಣತೈತಿ, ಹೇಳಲೇ.”

“ಗಣಪ್ಪ.”

“ಕುಂತಾನೇನು?”

“ಕುಂತಾನ.”

“ಗಣಪ್ಪ ಕುಂತ ಮ್ಯಾಲ ಅದು ಶ್ರಾವಣ ಹೆಂಗಾಗತೈತಿ? ಭಾದ್ರಪದ ಯಾರ್ದಲೇ?”

ಮೈದುನ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. ಒರೆಸುವಂಥ ಕೊಳೆ ಅದರ ಮೇಲೆ ಇರಲಿಲ್ಲ. “ಎರಡ್ನೇ ಮನೀದು,” ಎಂದ.

“ಎರಡ್ನೇ ಮನ್ಯಾಗ ಯಾರದಾರ?”

“ಅತ್ತಿಗೆಮ್ಮ.”

ಒಬ್ಬರು ನಕ್ಕರು. ಮೈದುನ ಹಾಳೆಯನ್ನು ಮರಳಿ ಕೊಡದೆ ಉಳಿದ ಚಿತ್ರಗಳನ್ನೂ ನೋಡತೊಡಗಿದ. “ಇದರಾಗ ನಮ್ಮ ಮನಿ ಎಲ್ಲೂ ಇಲ್ಲಲ್ರಿ,” ಎಂದ. ಆಗ ನನಗೆ ಅವನ ನೋವೂ ತಿಳಿಯಿತು. ನಾಲ್ಕು ಮನೆಗಳಲ್ಲಿ ಒಂದು ಮಾತ್ರ ಪತ್ರಿಕೆಯಲ್ಲಿ ಬಂದಿತ್ತು, ಅದೂ ಹಿರಿಯದಾದ ಅವನ ಮನೆ ಅಲ್ಲ.

ನಾಲ್ಕೂ ಮನೆ ಬರೆಯುತ್ತೇನೆ, ಪಾಳಿಯ ಕ್ರಮ ಹೇಳಿ ಎಂದು ಪೆನ್ನು ತೆಗೆದೆ. ಕಟ್ಟೆಯ ಮೇಲಿದ್ದವರೆಲ್ಲ ಸೇರಿ ಹೇಳಿದರು. ಚೈತ್ರ ಒಂದನೆಯ ಮನೆ, ವೈಶಾಖ ಎರಡನೆಯದು, ಹೀಗೆ. ಈ ಸಲ ಎಲ್ಲ ಕೇಳಬೇಕೆಂದು ಹಟ ತೊಟ್ಟು, “ಅಧಿಕ ಮಾಸ ಬಂದ್ರ ಯಾರಿಗಿ?” ಎಂದೆ.

“ಅದಕ್ಕ ಪ್ರತಿ ಸಲ ಜಗಳ ಐತ್ರಿ,” ಎಂದರು ಮುದುಕರು. “ಅದನ್ನ ಬರೀಬ್ಯಾಡ್ರಿ.”

ಬರೆಯಲಿಲ್ಲ. ಗೆಳೆಯ ಮೈದುನನನ್ನು ಅವನ ಮನೆಯ ಮುಂದೆ ನಿಲ್ಲಿಸಿ, ಅದೇ ಕೀಲಿಕೈ ಕೈಗೆ ಕೊಟ್ಟು ಒಂದು ಚಿತ್ರ ತೆಗೆದ. ಪಾಳಿ ಕೊಡುವ ಮಾತನ್ನು ಮಾತ್ರ ಮೈದುನ ಆಡಲಿಲ್ಲ. “ಪುಸ್ತಕದಾಗ ಏನು ಬರೀತೀರಿ ನೋಡೂಣು,” ಎಂದ.

ನೇರ ಹಗರಿಬೊಮ್ಮನಹಳ್ಳಿಗೆ ಹೋದೆವು. ಯಜಮಾನರ ಪ್ರೆಸ್ಸಿನಲ್ಲಿ ಆ ಅಧ್ಯಾಯವಿದ್ದ ಫಾರಂ, ಅಂದರೆ ಒಂದೇ ಹಾಳೆಯಲ್ಲಿ ಅಚ್ಚಾಗುವ ಹದಿನಾರು ಪುಟ, ತೆಳು ಟ್ರೇಸಿಂಗ್ ಕಾಗದದ ಮೇಲೆ ಇಳಿದು, ಜೋಡಿಸಿ ಅಂಟಿಸಿಯೂ ಆಗಿತ್ತು. ಮರುದಿನ ಬೆಳಿಗ್ಗೆ ಅದು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಪ್ಲೇಟ್ ಆಗಿ, ಅಚ್ಚಿಗೆ ಏರಬೇಕಿತ್ತು.

ಯಜಮಾನರು ಕಥೆಯನ್ನೆಲ್ಲ ಕೇಳಿದರು. “ತಿದ್ರಿ. ಆದ್ರ ಆರ ಸಾಲು. ಏಳು ಆದ್ರ ಪುಟ ಮುಂದಕ್ಕ ಸರೀತೈತಿ, ಪುಟ ಸರದ್ರ ಫಾರಂ ಕೆಡತೈತಿ, ಆಮ್ಯಾಲೆ ಪರಿವಿಡಿ. ನಾ ಹೊಸದಾಗಿ ಹದಿನಾರು ಪುಟ ತಗಿಯೂದಿಲ್ಲ.”

ಇದು ನನಗೆ ಗೊತ್ತಿದ್ದ ಕೆಲಸ. ಜಾಗ ಇಷ್ಟೇ, ವಿಷಯ ಹೆಚ್ಚು. ಪಾಳಿ ಹೇಳಲು ಒಂದು ಸಾಲು ಬೇಕು, ಯಾರನ್ನು ಕೇಳಬೇಕೆಂದು ಹೇಳಲು ಇನ್ನೊಂದು. ಹಾಗಾದರೆ ಹಳೆಯದರಲ್ಲಿ ಒಂದು ಸಾಲು ಹೋಗಬೇಕು. ಗೆಳೆಯ ಶಾಸನದ ಬಿಸಿಲು ತೆಗೆ ಎಂದ. ಅದನ್ನು ಬಿಡಲು ನಾನು ಒಪ್ಪಲಿಲ್ಲ. ಆ ಊರಿಗೆ ಜನ ಹೋಗುವುದೇ ಅದಕ್ಕೆ. ನೀರು ತೆಗೆದರೆ ಪಾಪ. ಕೊನೆಯ ಬಸ್ಸು ತೆಗೆದರೆ ಅಲ್ಲೇ ಉಳಿಯಬೇಕು. ಹೋಗುವ ಬಸ್ಸುಗಳ ಸಮಯ ಮಾತ್ರ ಹೇಗೂ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ, ಅದನ್ನು ನಿಲ್ದಾಣದಲ್ಲಿ ಕೇಳಿದರಾಯಿತು. ಎರಡು ಬಸ್ಸಿನ ಸಾಲು ಒಂದಾದವು.

ಉಳಿದದ್ದು ರೊಟ್ಟಿ. ಅದು ಚೌಕದಲ್ಲಿ ಇದ್ದದ್ದೇ ನನ್ನ ಎರಡನೆಯ ತಪ್ಪು. ಆ ದಿನ ಬಿಸಿಲು ನೋಡಿ ಆಕೆ ಕೊಟ್ಟದ್ದು, ಸಿಗುತ್ತದೆ ಎಂದು ಬರೆಯುವಂಥದ್ದಲ್ಲ. ಅಧ್ಯಾಯದ ಒಳಗೆ ಗರ್ಭಗುಡಿಯ ಅಳತೆ ಹೇಳುವ ಎರಡು ಸಾಲು ಹೊಡೆದುಹಾಕಿ, ಆ ಜಾಗದಲ್ಲಿ ರೊಟ್ಟಿಯನ್ನೂ ಕೆಂಪು ಚಟ್ನಿಯನ್ನೂ ಕೂರಿಸಿದೆ. ಅಳತೆ ಹೋದದ್ದಕ್ಕೆ ಒಂದು ಗಳಿಗೆ ಸಂಕಟವಾಯಿತು. ಗೆಳೆಯ ಮೊದಲ ಬಾರಿಗೆ, “ಈಗ ಪುಸ್ತಕ ಆತು,” ಎಂದ.

ಹೊಸ ಸಾಲುಗಳನ್ನು ಅಚ್ಚು ತೆಗೆದು, ಬ್ಲೇಡಿನಿಂದ ಹಳೆಯದನ್ನು ಕೊರೆದು, ಆ ತೂತಿನಲ್ಲಿ ಹೊಸ ತುಂಡನ್ನು ಸರಿಯಾಗಿ ಕೂರಿಸಿ ಯಜಮಾನರು ತಾವೇ ಅಂಟಿಸಿದರು. ಗೆರೆ ಎಲ್ಲೂ ಸೊಟ್ಟಗಾಗಲಿಲ್ಲ.

ಹಡಗಲಿಯಿಂದ ಬಸ್ಸು: ನಿಲ್ದಾಣದಲ್ಲಿ ಕೇಳಿ. ಮರಳಲು ಕೊನೆಯದು ಸಂಜೆ ಐದೂವರೆ.
ನೀರು: ಗುಡಿಯ ಹಿಂದಿನ ಬೋರಿನಲ್ಲಿ.
ಕೀಲಿಕೈ: ನಾಲ್ಕು ಮನೆಗಳಲ್ಲಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಪಾಳಿಯಂತೆ ತಿರುಗುತ್ತದೆ.
ಗುಡಿಯ ಮುಂದಿನ ಕಟ್ಟೆಯಲ್ಲಿ ‘ಈ ತಿಂಗಳು ಯಾರ ಪಾಳಿ’ ಎಂದು ಕೇಳಿ.
ಊಟ: ಬುತ್ತಿ ಕಟ್ಟಿಕೊಂಡು ಹೋಗಿ.
ಶಾಸನದ ಅಕ್ಷರ ಕಾಣಲು ಬೆಳಗಿನ ಓರೆ ಬಿಸಿಲು ಒಳ್ಳೆಯದು.

ಬೇರೆಯಾಗಿ ಅಚ್ಚಾಗುವ ಚಿತ್ರಗಳ ಪುಟದಲ್ಲಿ ಆಕೆಯ ಚಿತ್ರದ ಕೆಳಗೆ ‘ಭಾದ್ರಪದ, ಎರಡನೆಯ ಮನೆಯ ಪಾಳಿ’ ಎಂದೂ, ಮೈದುನನ ಚಿತ್ರದ ಕೆಳಗೆ ‘ಮಾರ್ಗಶಿರ, ಮೊದಲನೆಯ ಮನೆಯ ಪಾಳಿ’ ಎಂದೂ ಹಾಕಿದೆವು. ಪುರವಣಿಯಲ್ಲೂ ಮುಂದಿನ ಭಾನುವಾರ ಒಂದು ತಿದ್ದುಪಡಿ ಬರೆದೆ. ಆ ಪುಟದ, ಆರು ಸಾಲಿನ ಎರಡೆರಡು ಪ್ರತಿಗಳನ್ನು ಕಂಡಕ್ಟರ್ ಕೈಯಲ್ಲಿ ಕೊಟ್ಟು, ಒಂದು ಜೊತೆಯನ್ನು ನೀಲಿ ಬಾಗಿಲಿಗೆ, ಇನ್ನೊಂದನ್ನು ಕಟ್ಟೆಗೆ ತಲುಪಿಸಲು ಹೇಳಿದೆ. ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇತ್ತು.

ಅಮಾವಾಸ್ಯೆಯ ಮರುದಿನ ನಾನು ಕೂಡ್ಲಿಗಿಗೆ ಹೋಗಬೇಕಿತ್ತು. ಹೋಗಲಿಲ್ಲ. ಹಡಗಲಿಯ ಬಸ್ಸು ಬರುವವರೆಗೆ ಸ್ಟುಡಿಯೋದ ಮುಂದೆ ನಿಂತಿದ್ದೆ. ಕಂಡಕ್ಟರ್ ಇಳಿದು ಮೊದಲು ಚಹಾ ಕುಡಿದ. ಲೋಟ ಕೆಳಗಿಟ್ಟ ಮೇಲೆ ನನ್ನ ಕಡೆ ತಿರುಗಿ, “ಬಂತಂತ ಹೇಳು ಅಂದ್ಳ್ರಿ,” ಎಂದ.

“ಏನು ಬಂತಂತ?”

“ಅಷ್ಟ ಅಂದ್ಳ್ರಿ. ಬಂತಂತ ಹೇಳು, ಗೊತ್ತಾಗತೈತಿ ಅಂದ್ಳು.”

ಪುಸ್ತಕ ಅಚ್ಚಾಗಿ ಬರುವ ಹೊತ್ತಿಗೆ ಯುಗಾದಿ ಕಳೆದು ವೈಶಾಖ ಬಂದಿತ್ತು. ನಾಲ್ಕು ಮನೆಗೆ ನಾಲ್ಕು ಪ್ರತಿ ತೆಗೆದುಕೊಂಡು ಹೋದೆವು. ನನ್ನದೇ ಪುಸ್ತಕ ಹೇಳಿದಂತೆ ಮೊದಲು ಕಟ್ಟೆಗೆ ಹೋಗಿ, “ಈ ತಿಂಗಳು ಯಾರ ಪಾಳಿ?” ಎಂದು ಕೇಳಿದೆ. ಕೂತಿದ್ದವರಲ್ಲಿ ಮೈದುನನೂ ಇದ್ದ.

“ಎರಡ್ನೇ ಮನೀದು,” ಎಂದು ಅವನೇ ಹೇಳಿದ. ಪ್ರತಿ ತೆಗೆದುಕೊಂಡು ಮೊದಲು ಚಿತ್ರಗಳ ಪುಟ ತೆರೆದ.

ಆಕೆ ಹೊಸ್ತಿಲಲ್ಲಿ ಕೂತು, ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿ ಆಡಿಸುತ್ತ ಆರು ಸಾಲು ಓದಿದರು. ಕೀಲಿಕೈ ಪಕ್ಕದ ಗೂಡಿನಲ್ಲಿತ್ತು. ಓದಿ ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಓದಿದರು.

“ನೀಲಿ ಬಾಗಲಾ ಅಂತ ಇತ್ತಲ್ರಿ. ಅದನ್ನ ತಗದ್ರಿ?”

“ತಗದೀನ್ರಿ.”

“ಚಲೋ ಆತು,” ಎಂದು ಆಕೆ ಓಣಿಯಲ್ಲಿ ಮೈದುನನ ಮನೆಯ ಕಡೆಗೆ ಕೈ ತೋರಿಸಿದರು. “ಹ್ವಾದ ವಾರ ಅವನೂ ನೀಲಿ ಹಚ್ಚ್ಯಾನ.”